ರಿಸೆಪ್ಷನ್ ಕೆಲಸದ ಬಯೋಡೇಟಾದಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್: ನಂಬುವ ಹಾಗೆ ಬರೆಯುವುದು ಹೇಗೆ

ಚಿಕ್ಕಮಗಳೂರಿನ ಹೋಂಸ್ಟೇ, ರೆಸಾರ್ಟ್, ಲಾಡ್ಜ್‌ಗಳ ಫ್ರಂಟ್ ಆಫೀಸ್ ಕೆಲಸಕ್ಕೆ ಬರುವ ಬಯೋಡೇಟಾಗಳ ಕೊನೆಯ ಭಾಗ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ತಂದೆಯ ಹೆಸರು, ಹುಟ್ಟಿದ ದಿನ, ಅದರ ಕೆಳಗೆ ಒಂದು ಸಾಲು: ‘ಲ್ಯಾಂಗ್ವೇಜಸ್ ನೋನ್ – ಕನ್ನಡ, ಇಂಗ್ಲಿಷ್, ಹಿಂದಿ’. ಎಲ್ಲರೂ ಇದನ್ನೇ ಬರೆಯುವುದರಿಂದ ಓದುವವರು ಈ ಸಾಲಿನ ಮೇಲೆ ಕಣ್ಣು ಹಾಯಿಸಿ ಮುಂದೆ ಹೋಗುತ್ತಾರೆ. ಆದರೆ ಕೌಂಟರ್‌ನಲ್ಲಿ ಕೂರುವ ಕೆಲಸಕ್ಕೆ ಬೇಕಾಗಿರುವುದೇ ಭಾಷೆ. ಹಾಗಾಗಿ ಬಯೋಡೇಟಾದಲ್ಲಿ ತಿಳಿಯದ್ದನ್ನು ಅವರು ಸಂದರ್ಶನದಲ್ಲಿ ಕೆದಕಿ ನೋಡುತ್ತಾರೆ. ಕನ್ನಡದಲ್ಲಿ ಮಾತು ಶುರುಮಾಡಿ, ಎರಡನೇ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿ, ಮೂರನೆಯದಕ್ಕೆ ಹಿಂದಿಗೆ ಹೊರಳುತ್ತಾರೆ. ಅಭ್ಯರ್ಥಿ ತಡವರಿಸಿದರೆ ಬಯೋಡೇಟಾದ ಉಳಿದ ಸಾಲುಗಳ ಮೇಲೂ ಅನುಮಾನ ಶುರುವಾಗುತ್ತದೆ.

ಭಾಷೆ ‘ಬರುತ್ತದೆ’ ಎಂದು ಬರೆಯುವುದನ್ನು ಬಿಟ್ಟು, ಆ ಭಾಷೆಯಲ್ಲಿ ಕೌಂಟರ್‌ನ ಯಾವ ಕೆಲಸ ಮಾಡಬಲ್ಲಿರಿ ಎಂದು ಬರೆಯಬೇಕು. ಎಲ್ಲಿಯವರೆಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎರಡನ್ನೂ ಹೇಳಬೇಕು. ರಿಸೆಪ್ಷನಿಸ್ಟ್ ಕೆಲಸವನ್ನು ಉದಾಹರಣೆಯಾಗಿ ಇಟ್ಟುಕೊಂಡು ಇದನ್ನು ಹಂತ ಹಂತವಾಗಿ ನೋಡೋಣ.

ಮೊದಲ ಹಂತ: ಆ ಜಾಗದಲ್ಲಿ ಯಾವ ಭಾಷೆ ಎಲ್ಲಿ ಓಡುತ್ತದೆ ನೋಡಿ

ಅರ್ಜಿ ಹಾಕುವ ಮೊದಲು ಆ ಜಾಗದ ಒಂದು ದಿನದ ಕೆಲಸವನ್ನು ಮನಸ್ಸಿನಲ್ಲಿ ಬಿಡಿಸಿಕೊಳ್ಳಿ. ಮುಳ್ಳಯ್ಯನಗಿರಿ ಕಡೆಯ ಒಂದು ರೆಸಾರ್ಟ್ ತೆಗೆದುಕೊಳ್ಳೋಣ. ಬುಕಿಂಗ್ ಫೋನುಗಳು ಹೆಚ್ಚಾಗಿ ಬೆಂಗಳೂರಿನಿಂದ ಬರುತ್ತವೆ. ಅತ್ತ ಕಡೆಯವರು ಕನ್ನಡದಲ್ಲಿ ಮಾತಾಡಬಹುದು, ಇಂಗ್ಲಿಷಿನಲ್ಲಿ ಶುರುಮಾಡಿ ಹಿಂದಿಗೆ ಜಾರಬಹುದು. ವಾಟ್ಸ್‌ಆ್ಯಪ್‌ನಲ್ಲಿ ಬರುವ ಹಿಂದಿ ಬಹುತೇಕ ಇಂಗ್ಲಿಷ್ ಅಕ್ಷರದಲ್ಲೇ ಇರುತ್ತದೆ. ಟ್ರಾವೆಲ್ ಏಜೆಂಟರ ಇಮೇಲ್, ಬುಕಿಂಗ್ ಆ್ಯಪ್, ಬಿಲ್ಲು, ಇವೆಲ್ಲ ಇಂಗ್ಲಿಷ್. ವಿದೇಶಿ ಅತಿಥಿ ಬಂದರೆ ಪಾಸ್‌ಪೋರ್ಟ್, ವೀಸಾ ನೋಡಿ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರದ ಪೋರ್ಟಲ್‌ಗೆ ಹಾಕಬೇಕು, ಅದೂ ಇಂಗ್ಲಿಷ್. ಅಡುಗೆಮನೆ, ಜೀಪಿನ ಡ್ರೈವರ್, ಲೈನ್‌ಮನ್, ಗ್ರಾಮ ಪಂಚಾಯಿತಿ, ಪೊಲೀಸ್ ಠಾಣೆ, ಶೃಂಗೇರಿ ಹೊರನಾಡಿಗೆ ಹೋಗುವ ದಾರಿಯಲ್ಲಿ ಒಂದು ರಾತ್ರಿ ತಂಗಲು ಬರುವ ಕುಟುಂಬಗಳು, ಇವರೊಂದಿಗೆಲ್ಲ ಕನ್ನಡ.

ಹಾಸನದಲ್ಲಿ ಒಂದು ಆಸ್ಪತ್ರೆಯ ರಿಸೆಪ್ಷನ್‌ಗೆ ಅರ್ಜಿ ಹಾಕುವವರಿಗೆ ಈ ಲೆಕ್ಕ ಬೇರೆ. ಅರಕಲಗೂಡು, ಹೊಳೆನರಸೀಪುರ, ಆಲೂರಿನ ಹಳ್ಳಿಗಳಿಂದ ಬರುವವರ ಜೊತೆ ದಿನವಿಡೀ ಕನ್ನಡ. ಅವರು ಹೇಳಿದ್ದನ್ನು ಕಂಪ್ಯೂಟರ್‌ಗೆ ಇಂಗ್ಲಿಷಿನಲ್ಲಿ ಏರಿಸಬೇಕು. ಹಿಂದಿ ಬೇಕಾಗುವುದು ಕಟ್ಟಡ ಕೆಲಸಕ್ಕೋ ಕಾರ್ಖಾನೆಗೋ ಉತ್ತರದಿಂದ ಬಂದವರು ಹುಷಾರಿಲ್ಲದೆ ಬಂದಾಗ. ಅಲ್ಲಿ ಕನ್ನಡ ಕೇಳಿ ಇಂಗ್ಲಿಷ್ ಬರೆಯುವ ಸಾಮರ್ಥ್ಯಕ್ಕೆ ಬಯೋಡೇಟಾದಲ್ಲಿ ಮೊದಲ ಜಾಗ. ಬೇಲೂರು, ಹಳೇಬೀಡಿನ ಹೋಟೆಲಾದರೆ ಮತ್ತೆ ಹಿಂದಿ, ಇಂಗ್ಲಿಷ್ ಮೇಲೆ ಬರುತ್ತವೆ. ಅಲ್ಲಿನ ದೇವಾಲಯಗಳು 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ, ದೂರದಿಂದ ಬರುವವರು ಇದ್ದೇ ಇರುತ್ತಾರೆ.

ಇದನ್ನು ತಿಳಿಯಲು ದೊಡ್ಡ ಸಂಶೋಧನೆ ಬೇಡ. ಆ ಹೋಟೆಲಿಗೆ ಬಂದಿರುವ ಗೂಗಲ್ ರಿವ್ಯೂಗಳನ್ನು ಹತ್ತು ನಿಮಿಷ ಓದಿದರೆ ಅತಿಥಿಗಳು ಎಲ್ಲಿಂದ ಬರುತ್ತಾರೆ ಎಂದು ಅಂದಾಜಾಗುತ್ತದೆ. ಅಲ್ಲಿ ಕೆಲಸ ಮಾಡುವ ಪರಿಚಯದವರಿದ್ದರೆ ‘ಅಕ್ಕ, ಫೋನಲ್ಲಿ ಜಾಸ್ತಿ ಯಾವ ಭಾಷೆ ಬರುತ್ತೆ?’ ಎಂದು ಕೇಳಿದರೆ ಸಾಕು.

ಎರಡನೇ ಹಂತ: ಬರೆಯುವ ಮೊದಲು ನಿಮ್ಮನ್ನೇ ಪರೀಕ್ಷಿಸಿಕೊಳ್ಳಿ

ಒಂದು ಭಾಷೆಗೆ ನಾಲ್ಕು ಮುಖ: ಕೇಳಿ ಅರ್ಥ ಮಾಡಿಕೊಳ್ಳುವುದು, ಮಾತಾಡುವುದು, ಓದುವುದು, ಬರೆಯುವುದು. ನಮ್ಮ ಕಡೆಯವರಲ್ಲಿ ಈ ನಾಲ್ಕೂ ಒಂದೇ ಮಟ್ಟದಲ್ಲಿ ಇರುವುದು ಕಡಿಮೆ. ಹೈಸ್ಕೂಲಿನಲ್ಲಿ ಹಿಂದಿಯನ್ನು ಮೂರನೇ ಭಾಷೆಯಾಗಿ ಓದಿದವರು ದೇವನಾಗರಿಯನ್ನು ಓದುತ್ತಾರೆ, ಪ್ರಶ್ನೆಗೆ ಉತ್ತರ ಬರೆಯುತ್ತಾರೆ, ಆದರೆ ಯಾರಾದರೂ ಎದುರು ನಿಂತು ವೇಗವಾಗಿ ಮಾತಾಡಿದರೆ ಬಾಯಿ ಕಟ್ಟುತ್ತದೆ. ಮನೆಯಲ್ಲಿ ಉರ್ದು ಆಡುವವರದ್ದು ಇದಕ್ಕೆ ತದ್ವಿರುದ್ಧ. ಹಿಂದಿ ಕೇಳಿದ ಕೂಡಲೇ ಅರ್ಥವಾಗುತ್ತದೆ, ಮಾತೂ ಸರಾಗ, ಆದರೆ ದೇವನಾಗರಿ ಅಕ್ಷರ ನಿಧಾನವಾಗಬಹುದು. ಇವರಿಬ್ಬರೂ ‘ಹಿಂದಿ ಬರುತ್ತದೆ’ ಎಂದೇ ಬರೆದರೆ ಇಬ್ಬರಿಗೂ ನಷ್ಟ. ಎರಡನೆಯವರಿಗೆ ಹೆಚ್ಚು ನಷ್ಟ, ಏಕೆಂದರೆ ರಿಸೆಪ್ಷನ್‌ಗೆ ಬೇಕಾದ ಬಲ ಅವರಲ್ಲಿದೆ, ಬಯೋಡೇಟಾದಲ್ಲಿ ಮಾತ್ರ ಕಾಣುವುದಿಲ್ಲ. ಮನೆಮಾತಿನ ಉರ್ದುವನ್ನು ಬರೆಯದೆ ಬಿಡುವ ಹುಡುಗ ಹುಡುಗಿಯರನ್ನು ನಾನು ನೋಡುತ್ತಲೇ ಇದ್ದೇನೆ. ದಯವಿಟ್ಟು ಬರೆಯಿರಿ. ತುಳು, ಕೊಂಕಣಿ, ಮಲಯಾಳಂ, ತಮಿಳಿಗೂ ಇದೇ ಮಾತು.

ಪರೀಕ್ಷೆ ಹೀಗೆ ಮಾಡಿ. ಆ ಭಾಷೆ ಚೆನ್ನಾಗಿ ಬಲ್ಲ ಸ್ನೇಹಿತರಿಗೆ, ಅತಿಥಿಯ ಹಾಗೆ ನಟಿಸಿ ನಿಮಗೆ ಫೋನ್ ಮಾಡಲು ಹೇಳಿ. ಏನು ಕೇಳುತ್ತಾರೆ ಎಂದು ಮೊದಲೇ ಹೇಳಿಸಿಕೊಳ್ಳಬೇಡಿ. ಒಬ್ಬರು ರೂಮ್ ಬುಕ್ ಮಾಡಲಿ, ಇನ್ನೊಬ್ಬರು ಬುಕ್ ಮಾಡಿದ್ದನ್ನು ಮುಂದೂಡಲಿ, ಮತ್ತೊಬ್ಬರು ಬಿಸಿನೀರು ಬರುತ್ತಿಲ್ಲ ಎಂದು ಸಿಟ್ಟು ಮಾಡಲಿ. ಅವರಿಗೆ ಹೇಳಿಯೇ ಕರೆಯನ್ನು ರೆಕಾರ್ಡ್ ಮಾಡಿಕೊಂಡು ಮತ್ತೆ ಕೇಳಿ. ಎಲ್ಲಿ ಇಂಗ್ಲಿಷ್ ಪದಕ್ಕೆ ಓಡಿಹೋದಿರಿ, ಎಲ್ಲಿ ಸುಮ್ಮನಾದಿರಿ, ಎಲ್ಲಿ ‘ಹಾಂಜಿ ಹಾಂಜಿ’ ಎಂದು ಅರ್ಥವಾಗದೆಯೇ ಒಪ್ಪಿಕೊಂಡಿರಿ ಎಂಬುದು ಕೇಳಿಸುತ್ತದೆ. ಈ ಕೊನೆಯದು ಎಲ್ಲಕ್ಕಿಂತ ಅಪಾಯ. ತಡವರಿಸುವ ರಿಸೆಪ್ಷನಿಸ್ಟನ್ನು ಅತಿಥಿ ಸಹಿಸಿಕೊಳ್ಳುತ್ತಾರೆ. ಅರ್ಥವಾಗದೆ ಹೂಂಗುಟ್ಟಿದ ಮೇಲೆ ರೂಮ್ ಇಲ್ಲದಿದ್ದರೆ ಯಾರೂ ಸಹಿಸುವುದಿಲ್ಲ.

ಹಿಂದಿಯಲ್ಲಿ ನಿಜವಾದ ಪರೀಕ್ಷೆ ದಿನಾಂಕ ಮತ್ತು ಹಣ. ಹಿಂದಿಯ ‘ಕಲ್’ ನಿನ್ನೆಯೂ ಆಗುತ್ತದೆ, ನಾಳೆಯೂ ಆಗುತ್ತದೆ. ‘ಪರಸೋಂ’ ಮೊನ್ನೆಯೂ ಹೌದು, ನಾಡಿದ್ದೂ ಹೌದು. ಉಳಿದ ವಾಕ್ಯ ನೋಡಿಯೇ ಅರ್ಥ ಹಿಡಿಯಬೇಕು. ‘ಕಲ್ ಪೇಮೆಂಟ್ ಕಿಯಾ ಥಾ’ ಎಂದರೆ ನಿನ್ನೆ ಹಣ ಹಾಕಿದ್ದಾರೆ, ‘ಕಲ್ ಪೇಮೆಂಟ್ ಕರೂಂಗಾ’ ಎಂದರೆ ನಾಳೆ ಹಾಕುತ್ತಾರೆ. ಇದನ್ನು ತಪ್ಪಾಗಿ ಕೇಳಿಸಿಕೊಂಡರೆ ಅಡ್ವಾನ್ಸ್ ಬಾರದ ಬುಕಿಂಗ್ ಖಚಿತವಾಗಿಬಿಡುತ್ತದೆ. ಹಣದಲ್ಲಿ ‘ಡೇಢ್ ಹಜಾರ್’ ಎಂದರೆ 1,500, ‘ಢಾಯೀ ಹಜಾರ್’ ಎಂದರೆ 2,500, ‘ಸಾಢೇ ತೀನ್ ಹಜಾರ್’ ಎಂದರೆ 3,500. ಬಾಡಿಗೆ ಚೌಕಾಸಿ ನಡೆಯುವುದೇ ಈ ಮೂರು ಮಾತಿನಲ್ಲಿ. ಇನ್ನು ಎರಡಂಕಿಯ ಸಂಖ್ಯೆಗಳು. 35 ‘ಪೈಂತೀಸ್’, 45 ‘ಪೈಂತಾಲೀಸ್’, 65 ‘ಪೈಂಸಠ್’, ಫೋನಿನಲ್ಲಿ ಇವು ಹತ್ತಿರ ಹತ್ತಿರ ಕೇಳಿಸುತ್ತವೆ. 29 ‘ಉನ್ತೀಸ್’, 39 ‘ಉನ್ತಾಲೀಸ್’, 49 ‘ಉನ್ಚಾಸ್’, ಇವುಗಳಲ್ಲಿ ಮುಂದಿನ ಹತ್ತರ ಹೆಸರು ಅಡಗಿರುವುದರಿಂದ 39 ಅನ್ನು ನಲವತ್ತರ ಮೇಲಿನ ಸಂಖ್ಯೆ ಎಂದುಕೊಳ್ಳುವುದು ಸುಲಭ. ಇವನ್ನು ತಪ್ಪದೆ ಹಿಡಿಯಬಲ್ಲಿರಾದರೆ ‘ಫೋನಿನಲ್ಲಿ ಹಿಂದಿ ಬುಕಿಂಗ್ ತೆಗೆದುಕೊಳ್ಳಬಲ್ಲೆ’ ಎಂದು ಧೈರ್ಯವಾಗಿ ಬರೆಯಬಹುದು. ಹಿಡಿಯಲಾಗದಿದ್ದರೆ ಒಂದು ವಾರ ದಿನವೂ ಅಭ್ಯಾಸ ಮಾಡಿ ಆಮೇಲೆ ಬರೆಯಿರಿ.

ಹಿಂದಿಯಲ್ಲಿ ಇನ್ನೊಂದು ಜಾಗ ಗಮನಿಸಬೇಕು. ಗೌರವದ ‘ಆಪ್’ ಹೇಳಿ ಕ್ರಿಯಾಪದವನ್ನು ಸಲುಗೆಯಲ್ಲಿ ಇಡುವುದು ನಮ್ಮವರಲ್ಲಿ ಬಹಳ. ಅತಿಥಿಗೆ ‘ಬೈಠೋ’ ಎನ್ನುವುದಲ್ಲ, ‘ಬೈಠಿಯೇ’ ಎನ್ನಬೇಕು. ಹುಡುಗಿಯಾದರೆ ‘ದೇಖ್‌ಕರ್ ಬತಾತೀ ಹೂಂ’, ಹುಡುಗನಾದರೆ ‘ಬತಾತಾ ಹೂಂ’. ಹೆಣ್ಣು ಗಂಡು ಪ್ರತ್ಯಯ ಅಲ್ಲಲ್ಲಿ ತಪ್ಪಿದರೆ ಅತಿಥಿಗೆ ಬೇಸರವಾಗುವುದಿಲ್ಲ, ಗೌರವದ ರೂಪ ತಪ್ಪಿದರೆ ಆಗುತ್ತದೆ. ಅಭ್ಯಾಸ ಮಾಡುವ ಸಮಯ ಕಡಿಮೆ ಇದ್ದರೆ ಮೊದಲು ಗೌರವದ ರೂಪ ಸರಿಮಾಡಿಕೊಳ್ಳಿ.

ಇಂಗ್ಲಿಷಿಗೆ ಎರಡು ಪರೀಕ್ಷೆ ಸಾಕು. ಫೋನಿನಲ್ಲಿ ಹೆಸರು, ಮೊಬೈಲ್ ನಂಬರ್, ತಾರೀಖು ಬರೆದುಕೊಂಡು ತಿರುಗಿ ಓದಿ ಹೇಳುವುದು ಒಂದು. ‘ಫಿಫ್ಟೀನ್’ ಮತ್ತು ‘ಫಿಫ್ಟಿ’, ‘ಥರ್ಟೀನ್’ ಮತ್ತು ‘ಥರ್ಟಿ’ ಸಿಗ್ನಲ್ ಸರಿಯಿಲ್ಲದ ಬೆಟ್ಟದ ಊರಿನಲ್ಲಿ ಒಂದೇ ಥರ ಕೇಳುತ್ತವೆ. ‘ಒನ್ ಫೈವ್?’ ಎಂದು ಬಿಡಿಬಿಡಿಯಾಗಿ ಕೇಳುವ ರೂಢಿ ಇರುವವರು ಅನುಭವಿಗಳು ಎಂದು ಸಂದರ್ಶಕರಿಗೆ ಕೂಡಲೇ ಗೊತ್ತಾಗುತ್ತದೆ. ಇನ್ನೊಂದು, ಒಂದು ದೂರಿನ ಇಮೇಲ್‌ಗೆ ನಾಲ್ಕು ವಾಕ್ಯದ ಉತ್ತರವನ್ನು ಯಾರ ಸಹಾಯವೂ ಇಲ್ಲದೆ ಹತ್ತು ನಿಮಿಷದಲ್ಲಿ ಟೈಪ್ ಮಾಡುವುದು. ಆಗದಿದ್ದರೆ ನಿಮ್ಮ ಇಂಗ್ಲಿಷ್ ಬರಹ ‘ಸಿದ್ಧ ಮಾದರಿ ಇದ್ದರೆ ಬರೆಯಬಲ್ಲೆ’ ಎಂಬ ಮಟ್ಟದ್ದು. ಅದನ್ನು ಹಾಗೆಯೇ ಬರೆದರೂ ಕೆಲಸ ಸಿಗುತ್ತದೆ, ಏಕೆಂದರೆ ಬಹುತೇಕ ಹೋಟೆಲುಗಳಲ್ಲಿ ಇಮೇಲ್ ಮಾದರಿಗಳು ಮೊದಲೇ ಇರುತ್ತವೆ.

ಮೂರನೇ ಹಂತ: ಸಾಲುಗಳನ್ನು ಬರೆಯುವುದು

ಒಬ್ಬ ಅಭ್ಯರ್ಥಿಯನ್ನು ಕಲ್ಪಿಸಿಕೊಳ್ಳೋಣ. ಮೂಡಿಗೆರೆ ತಾಲ್ಲೂಕಿನ ಹುಡುಗಿ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಮೂರನೇ ಭಾಷೆ ಹಿಂದಿ, ಅದರಲ್ಲಿ 100ಕ್ಕೆ 88 ಅಂಕ. ಚಿಕ್ಕಮಗಳೂರಿನಲ್ಲಿ ಬಿ.ಕಾಂ. ಮುಗಿಸಿದ್ದಾಳೆ. ರಜೆಯಲ್ಲಿ ಚಿಕ್ಕಪ್ಪನ ಹೋಂಸ್ಟೇಯಲ್ಲಿ ಫೋನ್ ನೋಡಿಕೊಂಡಿದ್ದಾಳೆ. ಈಗ ಒಂದು ರೆಸಾರ್ಟಿನ ರಿಸೆಪ್ಷನ್‌ಗೆ ಅರ್ಜಿ. ಅವಳ ಹಳೆಯ ಸಾಲು: ‘ಕನ್ನಡ, ಇಂಗ್ಲಿಷ್, ಹಿಂದಿ: ಓದಲು, ಬರೆಯಲು, ಮಾತಾಡಲು ಬರುತ್ತದೆ’.

ಪರೀಕ್ಷೆ ಮಾಡಿಕೊಂಡಾಗ ಅವಳಿಗೆ ಕಂಡದ್ದು ಇಷ್ಟು. ಕನ್ನಡದಲ್ಲಿ ಯಾವ ತೊಡಕೂ ಇಲ್ಲ, ಮೊಬೈಲಿನಲ್ಲೂ ಕಂಪ್ಯೂಟರಿನಲ್ಲೂ ಟೈಪ್ ಮಾಡುತ್ತಾಳೆ. ಇಂಗ್ಲಿಷ್ ಇಮೇಲ್ ಓದಿದರೆ ಪೂರ್ತಿ ಅರ್ಥವಾಗುತ್ತದೆ, ಸಣ್ಣ ಉತ್ತರ ಬರೆಯುತ್ತಾಳೆ, ಬುಕಿಂಗ್ ಮಾತುಕತೆ ನಡೆಸುತ್ತಾಳೆ, ಆದರೆ ಸಿಟ್ಟಾದ ಅತಿಥಿ ವೇಗವಾಗಿ ಇಂಗ್ಲಿಷ್ ಆಡಿದರೆ ಕಷ್ಟ. ಹಿಂದಿಯಲ್ಲಿ ರೂಮು, ಊಟ, ದಾರಿ, ದರ ಹೇಳುತ್ತಾಳೆ, ದೇವನಾಗರಿ ಓದುತ್ತಾಳೆ, ಉದ್ದನೆಯ ಮಾತುಕತೆ ಆಗದು.

ಹೊಸ ಸಾಲುಗಳು ಹೀಗೆ ಬಂದವು:

*ಕನ್ನಡ (ಮಾತೃಭಾಷೆ): ಅತಿಥಿ, ಸಿಬ್ಬಂದಿ, ಸ್ಥಳೀಯ ಕಚೇರಿಗಳ ಜೊತೆ ಎಲ್ಲ ವ್ಯವಹಾರ. ಪತ್ರ, ನೋಟಿಸ್, ದರಪಟ್ಟಿ ಬರೆಯುವುದು. ಯೂನಿಕೋಡ್ ಕನ್ನಡ ಟೈಪಿಂಗ್.*

*ಇಂಗ್ಲಿಷ್ (ಕೆಲಸಕ್ಕೆ ಸಾಕಷ್ಟು): ಫೋನ್ ಮತ್ತು ಕೌಂಟರ್‌ನಲ್ಲಿ ಬುಕಿಂಗ್, ಚೆಕ್-ಇನ್, ಬಿಲ್ ವಿವರಣೆ. ಇಮೇಲ್ ಓದಿ ಸಣ್ಣ ಉತ್ತರ ಬರೆಯುವುದು.*

*ಹಿಂದಿ (ಮಾತು ಮಧ್ಯಮ, ಓದು ಚೆನ್ನಾಗಿ): ಫೋನಿನಲ್ಲಿ ತಾರೀಖು, ದರ, ಊಟ, ದಾರಿಯ ಮಾಹಿತಿ ಕೊಡುವುದು, ವಾಟ್ಸ್‌ಆ್ಯಪ್ ಸಂದೇಶಕ್ಕೆ ಉತ್ತರ. ಒಂದು ಹೋಂಸ್ಟೇಯಲ್ಲಿ ಎರಡು ಬೇಸಿಗೆ ರಜೆ ಈ ಕೆಲಸ ಮಾಡಿದ ಅನುಭವ. ಎಸ್‌ಎಸ್‌ಎಲ್‌ಸಿ ಹಿಂದಿ 88/100.*

ಬಯೋಡೇಟಾ ಇಂಗ್ಲಿಷಿನಲ್ಲಿದ್ದರೆ ಇದೇ ವಿಷಯವನ್ನು ಇಷ್ಟೇ ಚಿಕ್ಕ, ಸರಳ ಇಂಗ್ಲಿಷಿನಲ್ಲಿ ಬರೆಯಿರಿ. ‘ಎಕ್ಸಲೆಂಟ್ ಕಮ್ಯುನಿಕೇಶನ್ ಸ್ಕಿಲ್ಸ್’ ಎಂಬ ಸಾಲು ಎಲ್ಲಿಂದಲೋ ನಕಲು ಮಾಡಿದ್ದು ಎಂದು ಓದುವವರಿಗೆ ಗೊತ್ತಾಗುತ್ತದೆ. ಇಂಗ್ಲಿಷ್ ಮಟ್ಟದ ಮೊದಲ ಪುರಾವೆ ಆ ಬಯೋಡೇಟಾವೇ. ಅದರಲ್ಲಿ ಎರಡು ವಾಕ್ಯ ನಿಮ್ಮದೇ ಆಗಿ, ತಪ್ಪಿಲ್ಲದೆ ಇದ್ದರೆ ದೊಡ್ಡ ವಿಶೇಷಣಗಳು ಬೇಡ.

ಗಮನಿಸಿ, ಅವಳು ಎಲ್ಲಿಯೂ ‘ಫ್ಲುಯೆಂಟ್’ ಎಂದು ಬರೆಯಲಿಲ್ಲ. ಆ ಪದ ಕಂಡರೆ ಸಂದರ್ಶಕರು ಆ ಭಾಷೆಯಲ್ಲೇ ಸಂದರ್ಶನ ಮುಂದುವರಿಸುತ್ತಾರೆ, ವಿಷಯವನ್ನೂ ಹೋಟೆಲ್ ಬಿಟ್ಟು ಬೇರೆ ಕಡೆಗೆ ಒಯ್ಯುತ್ತಾರೆ. ‘ಮಧ್ಯಮ’ ಎಂದು ಬರೆದು ಅದರ ಪಕ್ಕ ಮಾಡಬಲ್ಲ ಕೆಲಸ ಬರೆದರೆ ಪ್ರಶ್ನೆಯೂ ಆ ಕೆಲಸದ ಸುತ್ತಲೇ ಬರುತ್ತದೆ. ಅಂದರೆ ಸಾಲು ಬರೆಯುವಾಗಲೇ ನೀವು ಸಂದರ್ಶನದ ಪ್ರಶ್ನೆಪತ್ರಿಕೆಯ ಒಂದು ಭಾಗವನ್ನು ಬರೆಯುತ್ತಿದ್ದೀರಿ.

ಕೆಲವು ದೊಡ್ಡ ಹೋಟೆಲ್ ಕಂಪನಿಗಳ ಆನ್‌ಲೈನ್ ಅರ್ಜಿಯಲ್ಲಿ A1ರಿಂದ C2ರವರೆಗಿನ ಮಟ್ಟ ಕೇಳುವುದುಂಟು. ಇದು ಯೂರೋಪಿನ ಕೌನ್ಸಿಲ್ 2001ರಲ್ಲಿ ಪ್ರಕಟಿಸಿದ ಆರು ಹಂತದ ಅಳತೆ: A1, A2, B1, B2, C1, C2. ಸ್ಥೂಲವಾಗಿ A2 ಎಂದರೆ ದಿನಬಳಕೆಯ ಸರಳ ವಿಷಯಗಳಷ್ಟೇ. B1 ಎಂದರೆ ಪರಿಚಿತ ವಿಷಯಗಳಲ್ಲಿ ಸಾಮಾನ್ಯ ಸನ್ನಿವೇಶಗಳನ್ನು ನಿಭಾಯಿಸುವುದು. B2 ಎಂದರೆ ಆ ಭಾಷೆಯವರ ಜೊತೆ ಇಬ್ಬರಿಗೂ ತ್ರಾಸಿಲ್ಲದೆ ಮಾತಾಡುವುದು. ನಮ್ಮ ಹುಡುಗಿಯ ಇಂಗ್ಲಿಷ್ B1, ಮಾತಿನ ಹಿಂದಿ A2ರಿಂದ B1ರ ನಡುವೆ. ಅರ್ಜಿಯಲ್ಲಿ ಕೇಳಿದರೆ ತುಂಬಿ, ಪರೀಕ್ಷೆ ಬರೆಯದೆ ನೀವೇ ಅಂದಾಜು ಮಾಡಿದ್ದರೆ ‘ಸ್ವಂತ ಅಂದಾಜು’ ಎಂದು ಸೇರಿಸಿ. ಕೇಳದಿದ್ದರೆ ಊರಿನ ಹೋಂಸ್ಟೇ ಮಾಲೀಕರಿಗೆ ಕಳಿಸುವ ಬಯೋಡೇಟಾದಲ್ಲಿ ಇವು ಬೇಡ.

ನಾಲ್ಕನೇ ಹಂತ: ಪುರಾವೆ

ಯಾವ ಪುರಾವೆ ಏನನ್ನು ತೋರಿಸುತ್ತದೆ ಎಂದು ತಿಳಿದು ಬಳಸಿ. ಎಸ್‌ಎಸ್‌ಎಲ್‌ಸಿಯ ಹಿಂದಿ ಅಂಕ ಓದು ಬರಹಕ್ಕೆ ಪುರಾವೆ, ಮಾತಿಗಲ್ಲ. ಹಿಂದಿ ಪ್ರಚಾರ ಸಭೆಯ ಪರೀಕ್ಷೆಗಳೂ ಮುಖ್ಯವಾಗಿ ಹಾಗೆಯೇ. 1918ರಲ್ಲಿ ಗಾಂಧೀಜಿ ಶುರುಮಾಡಿದ ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯ ಪ್ರಾಥಮಿಕ, ಮಧ್ಯಮಾ, ರಾಷ್ಟ್ರಭಾಷಾ ಪರೀಕ್ಷೆಗಳನ್ನು ಶಾಲಾದಿನಗಳಲ್ಲಿ ಬರೆದವರು ನಮ್ಮಲ್ಲಿ ಎಷ್ಟೋ ಮಂದಿ, ಆದರೆ ಬಯೋಡೇಟಾದಲ್ಲಿ ಹಾಕುವವರು ಕಡಿಮೆ. ಹಾಕಿ, ಯಾವ ಹಂತದವರೆಗೆ ಪಾಸಾಗಿದ್ದೀರಿ ಎಂಬ ಹೆಸರಿನೊಂದಿಗೆ. ಪ್ರಮಾಣಪತ್ರ ಹಳೆಯದಾಗಿ ಭಾಷೆ ತುಕ್ಕು ಹಿಡಿದಿದ್ದರೆ ಅರ್ಜಿಗೆ ಮೊದಲು ಒಂದಷ್ಟು ದಿನ ಹಿಂದಿ ಸುದ್ದಿ ಕೇಳಿ, ಮಾತಾಡಿ. ಸಂದರ್ಶನದಲ್ಲಿ ಪ್ರಮಾಣಪತ್ರ ಮಾತಾಡುವುದಿಲ್ಲ.

ಮಾತಿಗೆ ಪುರಾವೆ ಎಂದರೆ ಮಾಡಿದ ಕೆಲಸ. ಸಂಬಳದ ಕೆಲಸವೇ ಆಗಬೇಕಿಲ್ಲ. ಕಾಫಿ ತೋಟದಲ್ಲಿ ಅಸ್ಸಾಂ, ಬಿಹಾರದ ಕೆಲಸಗಾರರಿಗೆ ದಿನವೂ ಕೆಲಸ ಹಂಚಿ ಕೂಲಿ ಲೆಕ್ಕ ಹೇಳಿದ ಹುಡುಗನ ಹಿಂದಿ, ತರಗತಿಯಲ್ಲಿ ಕಲಿತ ಹಿಂದಿಗಿಂತ ಎಷ್ಟೋ ಸಲ ಗಟ್ಟಿ. ಅದನ್ನು ಹೀಗೆ ಬರೆಯಬಹುದು: ‘ಮನೆಯ ತೋಟದಲ್ಲಿ ಹಿಂದಿ ಮಾತಾಡುವ ಕೆಲಸಗಾರರ ಹಾಜರಿ, ಕೂಲಿ ಲೆಕ್ಕ ನೋಡಿಕೊಂಡಿದ್ದೇನೆ’. ಒಂದು ಎಚ್ಚರಿಕೆ ಇದೆ. ಕೆಲಸಗಾರರ ಜೊತೆ ರೂಢಿಯಾದ ಹಿಂದಿ ‘ಇಧರ್ ಆವೋ’, ‘ವೋ ಲೇಕೆ ಆ’ ಎಂಬ ಧಾಟಿಯದು. ಅದೇ ಧಾಟಿ ಅತಿಥಿಯ ಮುಂದೆ ಬಾಯಿಗೆ ಬಂದರೆ ಆಭಾಸ. ಮಾತು ಸರಾಗವಾಗಿದ್ದರೂ ‘ಆಯಿಯೇ’, ‘ಲೀಜಿಯೇ’, ‘ಬತಾಯಿಯೇ’ ಎಂಬ ರೂಪಗಳನ್ನು ಬೇರೆಯಾಗಿ ರೂಢಿ ಮಾಡಿಕೊಳ್ಳಬೇಕು. ದಖನಿ ಉರ್ದು ಮನೆಮಾತಾಗಿರುವವರು ‘ನಕ್ಕೋ’, ‘ಹೌ’ಗಳ ಜಾಗದಲ್ಲಿ ‘ನಹೀಂ’, ‘ಹಾಂ ಜೀ’ ಬಳಸುವುದನ್ನು ರೂಢಿಸಿಕೊಂಡರೆ ಉಳಿದದ್ದೆಲ್ಲ ಅವರಲ್ಲಿ ಆಗಲೇ ಇದೆ.

ಕನ್ನಡದ ಸಾಲನ್ನು ಖಾಲಿ ಬಿಡಬೇಡಿ

ಮೂರರಲ್ಲಿ ಅತಿ ಕಡಿಮೆ ಗಮನ ಸಿಗುವುದು ಕನ್ನಡದ ಸಾಲಿಗೆ, ಇದು ನನಗೆ ನಿಜಕ್ಕೂ ಬೇಸರದ ವಿಷಯ. ‘ಮಾತೃಭಾಷೆ’ ಎಂಬ ಒಂದೇ ಪದ ಬರೆದು ನಿಲ್ಲಿಸುತ್ತಾರೆ, ಕನ್ನಡ ಯಾರಿಗೆ ಬರುವುದಿಲ್ಲ ಎಂಬ ಭಾವನೆ. ಆದರೆ ಒಂದು ಸಂಸ್ಥೆಗೆ ಬೇಕಾದ ಕನ್ನಡ ಎಲ್ಲರಿಗೂ ಬರುವುದಿಲ್ಲ. ಕರೆಂಟ್ ಪದೇ ಪದೇ ಹೋಗುತ್ತಿದೆ ಎಂದು ಮೆಸ್ಕಾಂಗೆ ಪತ್ರ, ಪಂಚಾಯಿತಿಗೆ ಪರವಾನಗಿ ನವೀಕರಣದ ಅರ್ಜಿ, ‘ಈಜುಕೊಳದ ಬಳಿ ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ’ ಎಂಬಂಥ ಸೂಚನಾಫಲಕ, ಇವನ್ನು ಕಾಗುಣಿತ ತಪ್ಪಿಲ್ಲದೆ ಬರೆದುಕೊಡುವವರನ್ನು ಹುಡುಕಬೇಕಾಗುತ್ತದೆ. 2024ರ ತಿದ್ದುಪಡಿಯ ನಂತರ ರಾಜ್ಯದಲ್ಲಿ ಅಂಗಡಿ, ಹೋಟೆಲುಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು. ಬೋರ್ಡ್ ಮಾಡಿಸಲು ಹೊರಟ ಮಾಲೀಕರಿಗೆ ಕನ್ನಡದ ಪ್ರೂಫ್ ನೋಡಬಲ್ಲ ಒಬ್ಬ ಸಿಬ್ಬಂದಿ ಕೈಯಲ್ಲಿದ್ದರೆ ಎಷ್ಟು ಅನುಕೂಲ ಯೋಚಿಸಿ.

ಟೈಪಿಂಗ್ ಬರುವುದಾದರೆ ಯಾವುದು ಎಂದು ಬರೆಯಿರಿ. ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ಕಡತ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ, ವಾಟ್ಸ್‌ಆ್ಯಪ್‌ಗೆ ಅಂಟಿಸಿದರೂ ಅಷ್ಟೇ. ಯೂನಿಕೋಡ್ ಆದರೆ ಎಲ್ಲೆಡೆ ಸರಿಯಾಗಿ ಕಾಣುತ್ತದೆ. ‘ನುಡಿ ಮತ್ತು ಯೂನಿಕೋಡ್ ಎರಡರಲ್ಲೂ ಟೈಪ್ ಮಾಡುತ್ತೇನೆ’ ಎಂಬ ಸಾಲು ಇದರ ವ್ಯತ್ಯಾಸ ಗೊತ್ತಿರುವವರಿಗೆ ತುಂಬಾ ಹೇಳುತ್ತದೆ. ಬ್ಯಾಂಕ್ ಗುಮಾಸ್ತರ ಹುದ್ದೆಗೂ ಪ್ರಯತ್ನಿಸುತ್ತಿರುವವರು ಇದನ್ನು ಉಡಾಫೆ ಮಾಡಬೇಡಿ, ಅಲ್ಲಿ ಸ್ಥಳೀಯ ಭಾಷೆಯ ಪರೀಕ್ಷೆಯೇ ಇರುತ್ತದೆ.

ಕನ್ನಡ ಮಾತೃಭಾಷೆಯಲ್ಲದವರು ಇಲ್ಲಿ ಹಿಂಜರಿಯಬೇಕಿಲ್ಲ. ‘ಮನೆಮಾತು ಮಲಯಾಳಂ, ಹತ್ತನೇ ತರಗತಿವರೆಗೆ ಕನ್ನಡ ಪ್ರಥಮ ಭಾಷೆ, 125ಕ್ಕೆ ಇಷ್ಟು ಅಂಕ’ ಎಂದು ಬರೆದರೆ ಎರಡು ಭಾಷೆಯ ಬಲ ಒಂದೇ ಸಾಲಿನಲ್ಲಿ ಕಾಣುತ್ತದೆ.

ಐದನೇ ಹಂತ: ಸಂದರ್ಶನದಲ್ಲಿ ಆ ಸಾಲುಗಳನ್ನು ಉಳಿಸಿಕೊಳ್ಳುವುದು

ಬಾಯಿಪಾಠ ಮಾಡಿದ ಸ್ವಪರಿಚಯ ಎಲ್ಲರದ್ದೂ ಚೆನ್ನಾಗಿರುತ್ತದೆ. ನಾನು ಅದನ್ನು ಅರ್ಧಕ್ಕೆ ನಿಲ್ಲಿಸಿ ಒಂದು ಸನ್ನಿವೇಶ ಕೊಡುತ್ತೇನೆ, ಬೇರೆ ಸಂದರ್ಶಕರೂ ಇಂಥದ್ದೇ ಮಾಡುತ್ತಾರೆ. ಉದಾಹರಣೆಗೆ: ‘ಪರಸೋಂ ಹಮ್ ಛಹ್ ಲೋಗ್ ಆ ರಹೇ ಹೈಂ, ದೋ ಬಚ್ಚೇ ಭೀ ಹೈಂ, ಢಾಯೀ ಹಜಾರ್ ಮೇಂ ಹೋ ಜಾಯೇಗಾ?’ ಇಲ್ಲಿ ನೋಡುವುದು ವ್ಯಾಕರಣವನ್ನಲ್ಲ. ನಾಡಿದ್ದು ಯಾವ ತಾರೀಖು ಎಂದು ತಿರುಗಿ ಕೇಳಿದರೇ? ಆರು ಜನರಲ್ಲಿ ಮಕ್ಕಳೂ ಸೇರಿದ್ದಾರೋ, ಮಕ್ಕಳು ಬೇರೆಯೋ ಎಂದು ಕೇಳಿದರೇ? 2,500 ಒಬ್ಬರಿಗೋ ಒಂದು ರೂಮಿಗೋ? ಈ ಮೂರು ಪ್ರಶ್ನೆಗಳನ್ನು ತುಂಡು ತುಂಡು ಹಿಂದಿಯಲ್ಲಿ ಕೇಳಿದವರಿಗೆ ನಾನು ಹೆಚ್ಚು ಅಂಕ ಕೊಡುತ್ತೇನೆ, ‘ಜರೂರ್ ಸರ್, ಹೋ ಜಾಯೇಗಾ’ ಎಂದು ನಿರರ್ಗಳವಾಗಿ ಹೇಳಿದವರಿಗೆ ಅಲ್ಲ.

ಆದ್ದರಿಂದ ಕೇಳಿದ್ದನ್ನು ತಿರುಗಿ ಹೇಳಿ ಖಚಿತಪಡಿಸಿಕೊಳ್ಳುವ ಒಂದು ವಾಕ್ಯವನ್ನು ಮೂರು ಭಾಷೆಯಲ್ಲೂ ಸಿದ್ಧ ಇಟ್ಟುಕೊಳ್ಳಿ. ಕನ್ನಡದಲ್ಲಿ ‘ಒಂದು ಸಲ ಹೇಳ್ತೀನಿ ಸರ್, ಸರಿ ಇದೆಯಾ ನೋಡಿ’. ಹಿಂದಿಯಲ್ಲಿ ‘ಮೈಂ ಏಕ್ ಬಾರ್ ದೋಹರಾ ದೇತೀ ಹೂಂ’, ಹುಡುಗನಾದರೆ ‘ದೇತಾ ಹೂಂ’. ಇಂಗ್ಲಿಷಿನಲ್ಲಿ ‘ಲೆಟ್ ಮಿ ರಿಪೀಟ್ ದಟ್, ಸರ್’. ಅರ್ಥವಾಗದಿದ್ದರೆ ಸುಮ್ಮನಿರಬೇಡಿ, ಭಾಷೆಯನ್ನೂ ಬದಲಿಸಬೇಡಿ. ಅದೇ ಭಾಷೆಯಲ್ಲಿ ನಿಧಾನವಾಗಿ ಹೇಳಲು ಕೇಳಿ. ಭಾಷೆಯ ಕೊರತೆ ಬಂದಾಗ ಹೇಗೆ ನಿಭಾಯಿಸುತ್ತೀರಿ ಎಂಬುದೂ ಕೌಶಲವೇ, ಅದನ್ನೂ ಅವರು ಅಳೆಯುತ್ತಿರುತ್ತಾರೆ.

‘ಹಿಂದಿ ಎಷ್ಟು ಬರುತ್ತೆ?’ ಎಂದು ನೇರವಾಗಿ ಕೇಳಿದರೆ ‘ಸ್ವಲ್ಪ ಸ್ವಲ್ಪ’ ಎನ್ನುವುದು ನಮ್ಮ ಕಡೆಯ ಸಂಕೋಚ. ಅದರಿಂದ ಏನೂ ತಿಳಿಯುವುದಿಲ್ಲ. ‘ಬುಕಿಂಗ್, ಚೆಕ್-ಇನ್, ದಾರಿ ಹೇಳೋದು ಹಿಂದಿಯಲ್ಲಿ ಮಾಡ್ತೀನಿ ಸರ್. ದೊಡ್ಡ ಕಂಪ್ಲೇಂಟ್ ಬಂದರೆ ಪೂರ್ತಿ ಕೇಳಿಸಿಕೊಂಡು ಬರೆದುಕೊಳ್ತೀನಿ, ಮ್ಯಾನೇಜರ್ ಹತ್ರ ಮಾತಾಡಿಸ್ತೀನಿ’ ಎಂದು ಹೇಳಿ. ಮಿತಿಯನ್ನೂ ಅದಕ್ಕಿರುವ ದಾರಿಯನ್ನೂ ಒಟ್ಟಿಗೆ ಹೇಳಿದರೆ ಮಾಲೀಕರಿಗೆ ನಿಮ್ಮನ್ನು ಯಾವ ಪಾಳಿಗೆ ಹಾಕಬಹುದು ಎಂಬುದೂ ತಿಳಿಯುತ್ತದೆ. ಅವರಿಗೆ ಬೇಕಾದದ್ದು ಆ ಮಾಹಿತಿ.

ಯಾವ ಭಾಷೆಯಲ್ಲಿ ಶುರುಮಾಡುತ್ತೀರಿ ಎಂದೂ ಕೇಳಬಹುದು. ಅತಿಥಿಯ ಮುಖ, ಬಟ್ಟೆ ನೋಡಿ ಹಿಂದಿಯಲ್ಲಿ ಸ್ವಾಗತಿಸುವುದು ಸರಿಯಲ್ಲ. ಹುಬ್ಬಳ್ಳಿಯವರಿಗೋ ಮಂಗಳೂರಿನವರಿಗೋ ಅವರದೇ ರಾಜ್ಯದ ಹೋಟೆಲಿನಲ್ಲಿ ಹಿಂದಿಯ ಸ್ವಾಗತ ಸಿಕ್ಕರೆ ನೋವಾಗುತ್ತದೆ. ‘ನಮಸ್ಕಾರ, ಬನ್ನಿ’ ಎಂದು ಕನ್ನಡದಲ್ಲಿ ಶುರುಮಾಡಿ, ಅವರು ಉತ್ತರಿಸಿದ ಭಾಷೆಗೆ ಹೊರಳುತ್ತೇನೆ ಎನ್ನಿ. ಉತ್ತರದ ಅತಿಥಿಗಳಿಗೂ ಕನ್ನಡದ ನಮಸ್ಕಾರ ಇಷ್ಟವೇ ಆಗುತ್ತದೆ.

ಅಚ್ಚಾದ ಫಾರಂ ಕೊಟ್ಟರೆ

ಕೆಲವು ಕಡೆ ಬಯೋಡೇಟಾ ಪಕ್ಕಕ್ಕಿಟ್ಟು ಅವರದೇ ಫಾರಂ ತುಂಬಿಸುತ್ತಾರೆ. ಅದರಲ್ಲಿ ಭಾಷೆಯ ಹೆಸರಿನ ಮುಂದೆ ಓದು, ಬರಹ, ಮಾತು ಎಂಬ ಮೂರು ಕಾಲಂ, ಟಿಕ್ ಹಾಕಲು ಮಾತ್ರ ಜಾಗ. ಎಲ್ಲದಕ್ಕೂ ಟಿಕ್ ಹಾಕಿಬಿಡುವ ಆಸೆಯಾಗುತ್ತದೆ. ನಿಜವಾಗಿ ಮಾಡಬಲ್ಲದ್ದಕ್ಕಷ್ಟೇ ಹಾಕಿ, ಮತ್ತು ಟಿಕ್ಕಿನ ಪಕ್ಕ ಸಣ್ಣದಾಗಿ ಎರಡು ಪದ ಬರೆಯಿರಿ: ಇಂಗ್ಲಿಷ್ ಬರಹದ ಮುಂದೆ ‘ಸಣ್ಣ ಇಮೇಲ್’, ಹಿಂದಿ ಮಾತಿನ ಮುಂದೆ ‘ಬುಕಿಂಗ್, ದರ’, ಕನ್ನಡ ಬರಹದ ಮುಂದೆ ‘ಟೈಪಿಂಗ್ ಸಹ’. ಕಾಲಂ ಚಿಕ್ಕದಾದರೆ ಫಾರಂನ ಕೆಳಗೆ ‘ಇತರ ಮಾಹಿತಿ’ ಎಂಬ ಜಾಗ ಸಾಮಾನ್ಯವಾಗಿ ಖಾಲಿ ಇರುತ್ತದೆ, ನೀವು ಮನೆಯಲ್ಲಿ ಸಿದ್ಧಮಾಡಿದ ಮೂರು ಸಾಲುಗಳನ್ನು ಅಲ್ಲಿಗೆ ಇಳಿಸಿ. ಅವನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಂಡು ಹೋಗಿ, ಏಕೆಂದರೆ ಫಾರಂ ಕೊಟ್ಟವರು ಹತ್ತು ನಿಮಿಷದಲ್ಲಿ ವಾಪಸ್ ಕೇಳುತ್ತಾರೆ.